ಕಾರಿನ ಸೀಟಿಗೆ ಬಕೆಟ್ ನೀರು ಬೇಡ

ಕಳೆದ ಮಳೆಗಾಲದಲ್ಲಿ ನನ್ನ ಹತ್ತು ವರ್ಷದ ಮಗಳಿಗೆ ಬೆಳಿಗ್ಗೆ ಸೀನು, ಸಂಜೆ ಒಣಕೆಮ್ಮು ಶುರುವಾಯಿತು. ನಾನು ಯುನಾನಿ ವೈದ್ಯ, ನಮ್ಮ ಮನೆಯಲ್ಲಿ ಜೋಶಾಂದಕ್ಕೆ ಬರವಿಲ್ಲ. ಹತ್ತು ದಿನ ಕುಡಿಸಿದೆ. ರಜೆಯ ದಿನ ಹುಷಾರಾಗಿರುತ್ತಿದ್ದಳು, ಶಾಲೆ ಶುರುವಾದರೆ ಮತ್ತೆ ಅದೇ ಪಾಡು. ಶಾಲೆಯ ಕೋಣೆಯಲ್ಲೇ ಏನೋ ತೊಂದರೆ ಇರಬೇಕೆಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಒಂದು ದಿನ ನನ್ನ ಪತ್ನಿ ಕೇಳಿದಳು: "ಶಾಲೆಗೆ ಹೋಗುವುದು ನಮ್ಮ ಕಾರಿನಲ್ಲೇ ಅಲ್ವಾ? ಅದರೊಳಗಿನ ವಾಸನೆ ನಿಮ್ಮ ಮೂಗಿಗೆ ಹೊಡೆಯುವುದೇ ಇಲ್ವಾ?"

ಹೊಡೆಯುತ್ತಿರಲಿಲ್ಲ. ಕನ್ನಡಿಗೆ ನಾನೇ ಒಂದು ಪರ್ಫ್ಯೂಮ್ ನೇತುಹಾಕಿದ್ದೆ. ಸಾಲದ್ದಕ್ಕೆ ದಿನವೂ ಅದೇ ಗಾಳಿಯಲ್ಲಿ ಕೂರುವವನ ಮೂಗು ಆ ವಾಸನೆಗೆ ಒಗ್ಗಿಹೋಗಿರುತ್ತದೆ. ನಿಮ್ಮ ಕಾರಿನ ವಾಸನೆ ಹೇಗಿದೆ ಎಂದು ತಿಳಿಯಬೇಕಾದರೆ ಮನೆಗೆ ಬಂದ ನೆಂಟರನ್ನು ಕೇಳಿ, ನಿಮ್ಮನ್ನು ನೀವು ಕೇಳಿಕೊಳ್ಳಬೇಡಿ.

ವಿಷಯ ಶುರುವಾದದ್ದು ಅದಕ್ಕೂ ಮೂರು ವಾರ ಮೊದಲು. ಹಾಸನದಲ್ಲಿ ಸಂಬಂಧಿಕರ ನಿಕಾಹ್ ಮುಗಿಸಿ ಮಂಗಳೂರಿಗೆ ಬರುತ್ತಿದ್ದೆವು. ದಾರಿಯಲ್ಲಿ ಮಕ್ಕಳಿಗೆ ಎರಡು ಬಾಟಲಿ ಬಾದಾಮಿ ಹಾಲು ತೆಗೆದುಕೊಂಡೆ. ಶಿರಾಡಿ ಘಾಟಿಯ ತಿರುವಿನಲ್ಲಿ ಬ್ರೇಕ್ ಹಾಕಿದೆ. ಗೇರಿನ ಪಕ್ಕದ ಕಪ್ ಹೋಲ್ಡರಿನಲ್ಲಿ ಮುಚ್ಚಳ ತೆಗೆದಿಟ್ಟಿದ್ದ ಬಾಟಲಿ ಅಲ್ಲೇ ಮಗುಚಿತು. ಮಗಳ ಕೈಯಲ್ಲಿದ್ದದ್ದು ಹಿಂದಿನ ಸೀಟಿನ ಮೇಲೆ ಚೆಲ್ಲಿತು. ಮರುದಿನ ನಾನು ಉತ್ಸಾಹದಿಂದ ಅರ್ಧ ಬಕೆಟ್ ನೀರಿಗೆ ಬಟ್ಟೆ ಒಗೆಯುವ ಪುಡಿ ಹಾಕಿ ಸೀಟಿಗೆ ಸುರಿದು ಬ್ರಷ್ ಹಾಕಿ ಉಜ್ಜಿದೆ. ನೊರೆ ಹೋಗಲೆಂದು ಇನ್ನೊಂದು ಬಕೆಟ್ ಸುರಿದೆ. ಮಳೆ ಬಂತು, ಬಾಗಿಲು ಹಾಕಿದೆ. ಸಂಜೆ ಮುಟ್ಟಿ ನೋಡಿದರೆ ಬಟ್ಟೆ ಒಣಗಿದಂತಿತ್ತು. ಕಲೆಯೂ ಕಾಣಲಿಲ್ಲ. ಡ್ಯಾಶ್‌ಬೋರ್ಡಿಗೂ ಹೊಳಪಿನ ದ್ರಾವಣ ಹಚ್ಚಿ, ಕಾರು ಸ್ವಚ್ಛವಾಯಿತು ಎಂದು ಸಮಾಧಾನಪಟ್ಟೆ.

ಪತ್ನಿಯ ಮಾತು ಕೇಳಿದ ಮೇಲೆ ಹಿಂದಿನ ಸೀಟಿನ ಕೆಳಭಾಗವನ್ನು ಎತ್ತಿ ನೋಡಿದೆ. ಎಷ್ಟೋ ಕಾರುಗಳಲ್ಲಿ ಅದು ಎರಡು ಕ್ಲಿಪ್ಪಿನ ಮೇಲೆ ಕೂತಿರುತ್ತದೆ, ಮುಂಭಾಗವನ್ನು ಮೇಲಕ್ಕೆ ಎಳೆದರೆ ಬಿಟ್ಟುಕೊಳ್ಳುತ್ತದೆ. ಸ್ಪಂಜಿನ ಅಡಿಭಾಗ ಮೂರು ವಾರದ ಮೇಲೂ ತಣ್ಣಗೆ ಒದ್ದೆಯಾಗಿತ್ತು. ಅಂಗೈಯಗಲದ ಜಾಗದಲ್ಲಿ ಬೂದು ಕಪ್ಪು ಚುಕ್ಕೆಗಳು. ಹುಳಿಹಿಡಿದ ಮೊಸರಿನ ಜೊತೆ ಹಳೆ ಗೋಣಿಯ ವಾಸನೆ.

ಮಗಳ ಕೆಮ್ಮಿಗೆ ಅದೊಂದೇ ಕಾರಣ ಎಂದು ನಾನು ಆಣೆ ಹಾಕಿ ಹೇಳಲಾರೆ. ಆದರೆ ತೇವ ಮತ್ತು ಬೂಷ್ಟು ಇರುವ ಕೋಣೆಯಲ್ಲಿ ಸೀನು, ಕೆಮ್ಮು, ದಮ್ಮು ಹೆಚ್ಚಾಗುತ್ತದೆ ಎಂಬುದು ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಕಾರು ಒಂದು ಸಣ್ಣ ಕೋಣೆಯೇ. ಅದರಲ್ಲೂ ಎ.ಸಿ.ಯನ್ನು ಒಳಗಿನ ಗಾಳಿಯೇ ಸುತ್ತುವ ಗುಂಡಿಗೆ ಹಾಕಿದರೆ ಅದೇ ಗಾಳಿಯನ್ನು ಮತ್ತೆ ಮತ್ತೆ ಉಸಿರಾಡುತ್ತೇವೆ. ಯುನಾನಿಯಲ್ಲಿ ಆರೋಗ್ಯಕ್ಕೆ ಬೇಕಾದ ಆರು ಅಗತ್ಯಗಳನ್ನು ಎಣಿಸುವಾಗ ಮೊದಲು ಬರುವುದು ಹವಾ, ಅಂದರೆ ಗಾಳಿ. ಅದನ್ನು ನಾನು ಕ್ಲಿನಿಕ್ಕಿನಲ್ಲಿ ದಿನವೂ ಹೇಳುತ್ತೇನೆ, ನನ್ನ ಕಾರಿನಲ್ಲಿ ಮಾತ್ರ ಮರೆತಿದ್ದೆ.

ಹಾಗಾಗಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ನಾವು ಕಾರಿನ ಒಳಗೆ ಕೊಳೆಗಿಂತ ಹೆಚ್ಚಾಗಿ ನೀರಿನಿಂದ ಹಾಳು ಮಾಡುತ್ತಿದ್ದೇವೆ. ನೀರು ಸುರಿದಷ್ಟೂ ಶುದ್ಧ ಎಂಬ ಲೆಕ್ಕ ಅಂಗಳಕ್ಕೆ, ಬಚ್ಚಲಿಗೆ ಸರಿ. ಅಲ್ಲಿ ನೀರು ಹರಿದುಹೋಗಲು ಕಾಲುವೆ ಇದೆ. ಸೀಟಿಗೆ ಕಾಲುವೆ ಇಲ್ಲ. ಬಟ್ಟೆಯ ಕೆಳಗೆ ಕೆಲವು ಇಂಚು ದಪ್ಪದ ಸ್ಪಂಜು ಇದೆ. ಮೇಲೆ ಸುರಿದ ನೀರು ಕಲೆಯನ್ನು ಕರಗಿಸಿ ತನ್ನ ಜೊತೆಗೇ ಸ್ಪಂಜಿನೊಳಕ್ಕೆ ಇಳಿಸುತ್ತದೆ. ಮೇಲಿನ ಬಟ್ಟೆ ಕೆಲವೇ ಗಂಟೆಗಳಲ್ಲಿ ಒಣಗುತ್ತದೆ, ಕೆಳಗಿನ ಸ್ಪಂಜು ನಮ್ಮ ಕರಾವಳಿಯ ಮಳೆಗಾಲದಲ್ಲಿ ವಾರಗಟ್ಟಲೆ ಒಣಗುವುದಿಲ್ಲ. ಅಲ್ಲಿ ಹಾಲು ಇದೆ, ಸಕ್ಕರೆ ಇದೆ, ತೇವ ಇದೆ, ಕತ್ತಲೆ ಇದೆ. ಬೂಷ್ಟಿಗೆ ಇನ್ನೇನು ಬೇಕು? ಒದ್ದೆಯಾದ ವಸ್ತು 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಅದರಲ್ಲಿ ಬೂಷ್ಟು ಬೆಳೆಯಲು ಶುರುವಾಗುತ್ತದೆ ಎಂದೇ ತಿಳಿಯಬೇಕು.

ಹಾಗಾದರೆ ಬಟ್ಟೆಯ ಸೀಟನ್ನು ತೊಳೆಯುವುದು ಹೇಗೆ? ಮೊದಲು ನೀರು ಮುಟ್ಟಬೇಡಿ. ಬ್ರಷ್ ಹಾಕಿ ಹೊಲಿಗೆಯ ಸಂದಿನ ಮರಳು, ಬಿಸ್ಕತ್ತಿನ ಪುಡಿ ತೆಗೆದು ವ್ಯಾಕ್ಯೂಮ್ ಮಾಡಿ. ಧೂಳಿನ ಮೇಲೆ ನೀರು ಬಿದ್ದರೆ ಅದು ಕೆಸರು, ಮತ್ತೆ ನೂಲಿನೊಳಗೆ ಸೇರಿಕೊಳ್ಳುತ್ತದೆ. ಈಗಷ್ಟೇ ಚೆಲ್ಲಿದ್ದಾದರೆ ಒಣ ಬಟ್ಟೆಯನ್ನು ಮೇಲಿಟ್ಟು ಅಂಗೈಯಿಂದ ಒತ್ತಿ. ಉಜ್ಜಬೇಡಿ, ಒತ್ತಿ. ಉಜ್ಜಿದರೆ ಕಲೆ ಅಗಲವಾಗುತ್ತದೆ, ಒತ್ತಿದರೆ ಬಟ್ಟೆಗೆ ಏರಿಬರುತ್ತದೆ. ಘಾಟಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಕ್ಕ ಕೂಡಲೇ ನಾನು ಇದೊಂದನ್ನು ಐದು ನಿಮಿಷ ಮಾಡಿದ್ದರೆ ಮುಂದಿನ ಕಥೆಯ ಮುಕ್ಕಾಲು ಪಾಲು ಇರುತ್ತಿರಲಿಲ್ಲ.

ಆಮೇಲೆ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಸಾಬೂನು ಒಂದು ಚಹಾ ಚಮಚ ಸಾಕು. ಹಾಲು, ಮೊಟ್ಟೆ, ಮಗುವಿನ ವಾಂತಿಯ ಕಲೆಗೆ ಬಿಸಿನೀರು ಬೇಡ. ಬಿಸಿಗೆ ಹಾಲಿನ ಸತ್ವ ಗಟ್ಟಿಯಾಗಿ ನೂಲಿಗೆ ಅಂಟಿಕೊಳ್ಳುತ್ತದೆ. ಆ ನೀರನ್ನು ಕೈಯಾಡಿಸಿ ನೊರೆ ಎಬ್ಬಿಸಿ, ನೊರೆಯನ್ನು ಮಾತ್ರ ಮೆತ್ತನೆಯ ಬ್ರಷ್‌ನಲ್ಲಿ ತೆಗೆದು ಸೀಟಿಗೆ ಹಚ್ಚಿ. ಒಂದು ಸಲಕ್ಕೆ ಎರಡು ಅಂಗೈಯಷ್ಟು ಜಾಗ ಸಾಕು. ಹಗುರವಾಗಿ ಬ್ರಷ್ ಆಡಿಸಿ, ಕೊಳೆ ನೊರೆಗೆ ಬರುತ್ತಿದ್ದಂತೆ ಒಣ ಬಟ್ಟೆಯಿಂದ ಒರೆಸಿ ತೆಗೆಯಿರಿ. ಬಳಿಕ ಸಾದಾ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಎರಡು ಮೂರು ಸಲ ಒತ್ತಿ ಒರೆಸಿ. ಸಾಬೂನು ಉಳಿದರೆ ಆ ಜಾಗ ಅಂಟಂಟಾಗಿ ಬೇಗ ಮತ್ತೆ ಕಪ್ಪಾಗುತ್ತದೆ. ಬಟ್ಟೆ ಒಗೆಯುವ ಪುಡಿಯ ದೊಡ್ಡ ತೊಂದರೆಯೇ ಇದು, ಬಕೆಟ್‌ಗಟ್ಟಲೆ ನೀರಿಲ್ಲದೆ ಅದು ಹೋಗುವುದಿಲ್ಲ.

ಕಲೆ ಇರುವ ಜಾಗವನ್ನಷ್ಟೇ ಒದ್ದೆ ಮಾಡಿದರೆ ಒಣಗಿದ ಮೇಲೆ ಸುತ್ತಲೂ ಒಂದು ಕಂದು ಉಂಗುರ ಮೂಡುವುದನ್ನು ನೀವು ನೋಡಿರಬಹುದು. ನೀರು ಕೊಳೆಯನ್ನು ಅಂಚಿಗೆ ಒಯ್ದು ಅಲ್ಲಿ ಬಿಟ್ಟು ಆರಿದೆ ಎಂದರ್ಥ. ಅದಕ್ಕೆ ಒಂದು ಹೊಲಿಗೆಯಿಂದ ಇನ್ನೊಂದು ಹೊಲಿಗೆಯವರೆಗಿನ ಇಡೀ ಪಟ್ಟಿಯನ್ನು ಹಗುರವಾಗಿ ಒರೆಸಬೇಕು.

ಎಲ್ಲ ಆದ ಮೇಲೆ ದಪ್ಪ ಟರ್ಕಿ ಟವೆಲ್ ಹಾಸಿ ಅದರ ಮೇಲೆ ಮಂಡಿಯೂರಿ ಕೂರಿ. ಮೈಭಾರಕ್ಕೆ ಕೆಳಗಿನ ನೀರು ಟವೆಲಿಗೆ ಬರುತ್ತದೆ. ಟವೆಲಿನ ಒಣಭಾಗ ಬದಲಿಸುತ್ತಾ ನಾಲ್ಕೈದು ಸಲ ಮಾಡಿ. ಬಳಿಕ ಕಾರಿನ ನಾಲ್ಕೂ ಬಾಗಿಲು ತೆರೆದು ಬಿಸಿಲಿದ್ದರೆ ಬಿಸಿಲಿಗೆ, ಮಳೆಯಿದ್ದರೆ ಶೆಡ್ಡಿನಲ್ಲಿ ನಿಲ್ಲಿಸಿ, ಹೊರಗಿನಿಂದ ಒಂದು ಟೇಬಲ್ ಫ್ಯಾನ್ ಸೀಟಿನ ಕಡೆ ತಿರುಗಿಸಿಡಿ. ಎಂಜಿನ್ ಚಾಲೂ ಇಟ್ಟು ಎ.ಸಿ. ಹಾಕಿದರೂ ತೇವ ಎಳೆಯುತ್ತದೆ, ಆದರೆ ಮುಚ್ಚಿದ ಶೆಡ್ಡಿನಲ್ಲಿ ಅದನ್ನು ಎಂದೂ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯಿಲ್ಲ, ಪ್ರಾಣ ಹೋಗುವುದು ತಿಳಿಯುವುದೂ ಇಲ್ಲ.

ಒಣಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ ನಂಬಿದ್ದೇ ನನ್ನ ತಪ್ಪು. ಎರಡು ಮೂರು ಪದರ ಟಿಶ್ಯೂ ಕಾಗದವನ್ನು ಸೀಟಿನ ಮೇಲಿಟ್ಟು ಅದರ ಮೇಲೆ ಒಂದು ನಿಮಿಷ ಕೂರಿ. ಕಾಗದ ತಣ್ಣಗೆ ಮೆತ್ತಗಾದರೆ ಸ್ಪಂಜಿನಲ್ಲಿ ಇನ್ನೂ ನೀರಿದೆ. ಫ್ಯಾನ್ ಮುಂದುವರಿಸಿ. ಕಾಗದ ಗರಿಗರಿಯಾಗಿಯೇ ಉಳಿದರೆ ಕಾರನ್ನು ಒಂದೆರಡು ಗಂಟೆ ಮುಚ್ಚಿಟ್ಟು, ಬಾಗಿಲು ತೆರೆದ ಮೊದಲ ಉಸಿರಿನಲ್ಲೇ ವಾಸನೆ ನೋಡಿ.

ಹಾಲು ಒಣಗಿ ವಾಸನೆ ಹಿಡಿದಿದ್ದರೆ ಅಡುಗೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟು ವ್ಯಾಕ್ಯೂಮ್ ಮಾಡುವ ಉಪಾಯವಿದೆ. ಬಟ್ಟೆಯ ಮೇಲಿನ ವಾಸನೆಗೆ ಅದು ಸ್ವಲ್ಪ ಕೆಲಸ ಮಾಡುತ್ತದೆ, ಸ್ಪಂಜಿನೊಳಗೆ ಅದು ಇಳಿಯುವುದಿಲ್ಲ. ಸೋಡಾ ಹಾಕಿದ ಮರುದಿನ ವಾಸನೆ ಹೋಗಿ ಮೂರನೆಯ ದಿನ ತಿರುಗಿ ಬಂದರೆ, ತೊಂದರೆ ಒಳಗಿದೆ ಎಂದು ತಿಳಿಯಿರಿ. ಮುಂದಿನ ಸೀಟುಗಳ ಅಡಿಯಲ್ಲಿ ಬೆಲ್ಟಿನ, ಏರ್‌ಬ್ಯಾಗಿನ ತಂತಿಗಳಿರುತ್ತವೆ. ಹಳದಿ ಬಣ್ಣದ ತಂತಿ ಅಥವಾ ಪ್ಲಗ್ ಕಂಡರೆ ಅದು ಏರ್‌ಬ್ಯಾಗಿನದ್ದು. ಬಿಚ್ಚಬೇಡಿ, ಒದ್ದೆ ಮಾಡಬೇಡಿ.

ಇಲ್ಲಿ ನಮ್ಮ ಮನೆಗಳಲ್ಲಿ ಏಳುವ ಒಂದು ಪ್ರಶ್ನೆ ಇದೆ. ಮಗು ಸೀಟಿನ ಮೇಲೆ ಮೂತ್ರ ಮಾಡಿತು, ಪಾಕ್ ಮಾಡಲು ನೀರು ಸುರಿಯಲೇಬೇಕಲ್ಲವೇ ಎಂದು ತಾಯಂದಿರು ನನ್ನಲ್ಲಿ ಕೇಳುತ್ತಾರೆ. ಎಷ್ಟು ನೀರು, ಎಷ್ಟು ಸಲ ಎಂಬ ಮಸಲೆಯನ್ನು ಉಲಮಾಗಳಲ್ಲಿ ಕೇಳಿ, ಅದು ನನ್ನ ವಿಷಯವಲ್ಲ. ವೈದ್ಯನಾಗಿ ನಾನು ಹೇಳಬಲ್ಲದ್ದು ಇಷ್ಟೇ: ಹಾಕಿದ ನೀರು ಹೊರಗೆ ಬರುವ ದಾರಿಯನ್ನು ಮೊದಲು ನೋಡಿಕೊಳ್ಳಿ. ನೀರು ಎಳೆಯುವ ವ್ಯಾಕ್ಯೂಮ್ ಕಾರು ತೊಳೆಯುವ ಅನೇಕ ಅಂಗಡಿಗಳಲ್ಲಿದೆ. ಪ್ರತಿ ಸಲ ನೀರು ಹಾಕಿದ ಕೂಡಲೇ ಅದರಿಂದ ಎಳೆಸಿದರೆ ಮೂತ್ರವೂ ಹೊರಗೆ ಬರುತ್ತದೆ, ಸ್ಪಂಜೂ ಉಳಿಯುತ್ತದೆ. ಮನೆಯಲ್ಲಿರುವ ಒಣಧೂಳಿನ ವ್ಯಾಕ್ಯೂಮಿನಿಂದ ಮಾತ್ರ ನೀರು ಎಳೆಯಬೇಡಿ, ಕರೆಂಟು ಹೊಡೆಯುತ್ತದೆ.

ಇನ್ನು ಕಪ್ ಹೋಲ್ಡರ್. ಸೀಟಿನ ಕಥೆಯ ನಡುವೆ ನಾನು ಇದನ್ನು ಮರೆತೇಬಿಟ್ಟಿದ್ದೆ, ನೆನಪಿಸಿದ್ದು ಇರುವೆಗಳು. ಗೇರಿನ ಬುಡದಿಂದ ಸಾಲು ಹೊರಟಿತ್ತು. ತಳದಲ್ಲಿ ಬಾದಾಮಿ ಹಾಲು ಕಂದು ಅಂಟಾಗಿ ಗಟ್ಟಿಯಾಗಿತ್ತು, ಅದರಲ್ಲಿ ಒಂದು ಎರಡು ರೂಪಾಯಿ ನಾಣ್ಯ, ಫಾಸ್ಟ್ಯಾಗ್ ಇಲ್ಲದ ಕಾಲದ ಟೋಲ್ ಚೀಟಿ, ನನ್ನ ಮಗನ ಒಂದು ಮಿಠಾಯಿ ಕಾಗದ. ಇದನ್ನು ಚಾಕುವಿನಿಂದ ಕೆರೆಯಲು ಕೈ ಹೋಗುತ್ತದೆ. ಬೇಡ, ಪ್ಲಾಸ್ಟಿಕ್ಕಿನ ಮೇಲೆ ಬಿದ್ದ ಗೀರಿನಲ್ಲಿ ಮುಂದಿನ ಸಲದ ಅಂಟು ಇನ್ನೂ ಭದ್ರವಾಗಿ ಕೂರುತ್ತದೆ. ಈ ಅಂಟು ಹೆಚ್ಚಿನಂಶ ಸಕ್ಕರೆ, ಸಕ್ಕರೆ ಬಿಸಿನೀರಿನಲ್ಲಿ ಕರಗುತ್ತದೆ. ಅದಕ್ಕೆ ಯಾವ ವಿಶೇಷ ರಾಸಾಯನಿಕವೂ ಬೇಡ, ಸ್ವಲ್ಪ ಸಮಯ ಬೇಕು ಅಷ್ಟೇ.

ಆದರೆ ನೀರನ್ನು ಹೋಲ್ಡರಿನೊಳಗೆ ಸುರಿಯಬಾರದು. ಅದರ ತಳ ಕೆಲವು ಕಾರುಗಳಲ್ಲಿ ಪೂರ್ತಿ ಮುಚ್ಚಿರುವುದಿಲ್ಲ. ಕೆಳಗೆ ಗೇರಿನ ಭಾಗಗಳು, ಹ್ಯಾಂಡ್‌ಬ್ರೇಕಿನ ಸ್ವಿಚ್ಚು, ಚಾರ್ಜರಿನ ತಂತಿಗಳಿರುತ್ತವೆ. ನಾನು ಮಾಡಿದ್ದು ಹೀಗೆ. ಒಳಗೆ ರಬ್ಬರಿನ ಬಟ್ಟಲಿದ್ದರೆ ಎಳೆದರೆ ಬರುತ್ತದೆ, ಅದನ್ನು ಅಡುಗೆಮನೆಯಲ್ಲಿ ಪಾತ್ರೆಯಂತೆ ತೊಳೆಯಬಹುದು. ಉಳಿದ ಪ್ಲಾಸ್ಟಿಕ್ ಗುಂಡಿಗೆ ಹಳೆಯ ಹತ್ತಿ ಬನಿಯನ್ನಿನ ತುಂಡನ್ನು ಕೈಗೆ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಅದ್ದಿ, ತೊಟ್ಟಿಕ್ಕದಷ್ಟು ಹಿಂಡಿ, ತಳಕ್ಕೆ ತಾಗುವಂತೆ ತುಂಬಿಟ್ಟೆ. ಹತ್ತು ನಿಮಿಷ ಬಿಟ್ಟು ತೆಗೆದಾಗ ಬಟ್ಟೆ ಕಂದಾಗಿತ್ತು, ಅಂಟು ಬೆಲ್ಲದ ಪಾಕದಷ್ಟು ಮೆತ್ತಗಾಗಿತ್ತು. ಮತ್ತೊಮ್ಮೆ ಹೊಸ ಬಿಸಿ ಬಟ್ಟೆ. ಮೂರನೆಯ ಸಲಕ್ಕೆ ನಾಣ್ಯ ತಾನಾಗಿ ಬಿಟ್ಟಿತು. ಬಾದಾಮಿ ಹಾಲಿನ ಜಿಡ್ಡಿಗೆ ಒಂದು ಹನಿ ಸಾಬೂನು ಹಾಕಿದ ಬಟ್ಟೆ, ಆಮೇಲೆ ಸಾದಾ ನೀರಿನ ಬಟ್ಟೆ, ಕೊನೆಗೆ ಒಣ ಬಟ್ಟೆ. ಬಟ್ಟೆಯನ್ನು ಒಂದು ಗ್ಲಾಸಿಗೆ ಸುತ್ತಿ ಹೋಲ್ಡರಿನೊಳಗೆ ತಿರುಗಿಸಿದರೆ ಗೋಡೆಗಳೆಲ್ಲ ಒಂದೇ ಸಲಕ್ಕೆ ಉಜ್ಜಿಹೋಗುತ್ತವೆ. ಮೂಲೆಗೆ ಹಳೆಯ ಟೂತ್‌ಬ್ರಷ್.

ಮುಗಿದಿದೆಯೇ ಎಂದು ನೋಡಲು ಒಣಗಿದ ಮೇಲೆ ಬೆರಳು ಒತ್ತಿ ಎತ್ತಿ. ಚೂರಾದರೂ ಹಿಡಿದೆಳೆದಂತಾದರೆ ಸಕ್ಕರೆ ಉಳಿದಿದೆ, ಇರುವೆ ನಿಮಗಿಂತ ಮೊದಲು ಅದನ್ನು ಕಂಡುಹಿಡಿಯುತ್ತದೆ. ಶರಬತ್ತೋ ಚಹಾವೋ ಗೇರಿನ ಸಂದಿಗೆ ಅಥವಾ ಕಿಟಕಿಯ ಗುಂಡಿಗಳ ಮೇಲೆ ಚೆಲ್ಲಿದ್ದರೆ ಮನೆಮದ್ದು ಬೇಡ. ಕಾರು ಆಫ್ ಮಾಡಿ, ಗುಂಡಿ ಒತ್ತದೆ, ಮೇಲಿಂದ ಹೀರಿ ತೆಗೆದು ಕಾರಿನ ಇಲೆಕ್ಟ್ರಿಷಿಯನ್‌ಗೆ ತೋರಿಸಿ.

ಡ್ಯಾಶ್‌ಬೋರ್ಡಿನ ಬಗ್ಗೆ ಹೇಳುವುದು ಕಡಿಮೆ ಇದೆ, ಆದರೆ ಅಲ್ಲೇ ನಾವು ಹೆಚ್ಚು ಹಣ ಸುರಿಯುತ್ತೇವೆ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಹೊಳೆಯಬೇಕಾದ ವಸ್ತುವಲ್ಲ. ಬಿಸಿಲು ಗಾಜಿಗೆ ಪ್ರತಿಫಲಿಸಿ ಚಾಲಕನ ಕಣ್ಣು ಕುಕ್ಕಬಾರದೆಂದೇ ಅದನ್ನು ಮಂಕಾಗಿ, ತರಿತರಿಯಾಗಿ ಮಾಡಿರುತ್ತಾರೆ. ಹೊಳಪಿನ ದ್ರಾವಣಗಳಲ್ಲಿ ಅನೇಕವು ಸಿಲಿಕೋನ್ ಎಣ್ಣೆಯವು. ಹಚ್ಚಿದ ದಿನ ಹೊಸದರಂತೆ ಕಾಣುತ್ತದೆ, ವಾರದಲ್ಲಿ ಆ ಜಿಡ್ಡು ಧೂಳನ್ನು ಹಿಡಿದು ಕೂರಿಸಿಕೊಳ್ಳುತ್ತದೆ. ಸ್ಟೀರಿಂಗಿಗೂ ಪೆಡಲಿಗೂ ಹಚ್ಚುವವರನ್ನು ನೋಡಿದ್ದೇನೆ. ಬ್ರೇಕಿನ ಮೇಲೆ ಕಾಲು ಜಾರಿದರೆ ಹೊಳಪು ಯಾರಿಗೆ? ತೆಂಗಿನೆಣ್ಣೆ ಹಚ್ಚುವುದು ನಮ್ಮ ಕಡೆಯ ಇನ್ನೊಂದು ಅಭ್ಯಾಸ. ಬಿಸಿಲಿಗೆ ಅದು ಕಮಟು ವಾಸನೆ ಹಿಡಿಯುತ್ತದೆ.

ನನ್ನ ಡ್ಯಾಶ್‌ಬೋರ್ಡಿನ ಜಿಡ್ಡು ತೆಗೆಯಲು ಬೇಕಾದದ್ದು ಎರಡು ಮೈಕ್ರೋಫೈಬರ್ ಬಟ್ಟೆ ಮತ್ತು ಸೀಟಿಗೆ ಮಾಡಿದ ಅದೇ ಸಾಬೂನು ನೀರು. ಒಂದನ್ನು ಅದ್ದಿ ಗಟ್ಟಿಯಾಗಿ ಹಿಂಡಿ ಒರೆಸಿದೆ, ಇನ್ನೊಂದರಿಂದ ಕೂಡಲೇ ಒಣಗಿಸಿದೆ, ಸಾಬೂನು ಹೋಗುವವರೆಗೆ ಸಾದಾ ನೀರಿನಲ್ಲಿ ಮತ್ತೊಮ್ಮೆ. ಎ.ಸಿ. ಗಾಳಿ ಬರುವ ಜಾಲರಿಗೆ ಗೋಡೆಗೆ ಬಣ್ಣ ಹಚ್ಚುವ ಸಣ್ಣ ಬ್ರಷ್ ಒಣಗಿದ್ದರೆ ಸಾಕು. ದ್ರವವನ್ನು ನೇರವಾಗಿ ಡ್ಯಾಶ್‌ಬೋರ್ಡಿಗೆ ಸಿಂಪಡಿಸಬೇಡಿ, ಸ್ವಿಚ್ಚಿನ ಸಂದಿಗೆ ಹೋಗುತ್ತದೆ. ಬಟ್ಟೆಗೆ ಹಾಕಿ ಒರೆಸಿ. ಕೋವಿಡ್ ಕಾಲದಿಂದ ಅಭ್ಯಾಸವಾದ ಸ್ಯಾನಿಟೈಸರನ್ನು ಪರದೆ, ಪ್ಲಾಸ್ಟಿಕ್ಕಿಗೆ ಹಾಕುತ್ತಾ ಹೋದರೆ ಮೇಲ್ಮೈ ಬಿಳಚಿಕೊಳ್ಳಬಹುದು. ಅತ್ತರಿನ ಸೀಸೆ, ಪರ್ಫ್ಯೂಮಿನ ಬಾಟಲಿಯನ್ನು ಡ್ಯಾಶ್‌ಬೋರ್ಡಿನ ಮೇಲಿಡುವವರೂ ಎಚ್ಚರವಿರಲಿ. ಬಿಸಿಲಿಗೆ ಕಾದು ಒಸರಿದರೆ ಅದು ಬಿದ್ದ ಜಾಗದ ಪ್ಲಾಸ್ಟಿಕ್ ಮೆತ್ತಗಾಗಿ ಕಲೆ ಉಳಿಯುತ್ತದೆ, ಆ ಕಲೆ ಯಾವ ಸಾಬೂನಿಗೂ ಹೋಗುವುದಿಲ್ಲ.

ಪರ್ಫ್ಯೂಮಿನ ಬಗ್ಗೆ ನನ್ನದು ಕಟುವಾದ ಅಭಿಪ್ರಾಯ. ಅದು ವಾಸನೆಯನ್ನು ತೆಗೆಯುವುದಿಲ್ಲ, ವಾಸನೆ ನೀಡುತ್ತಿರುವ ಎಚ್ಚರಿಕೆಯನ್ನು ಮುಚ್ಚುತ್ತದೆ. ದಮ್ಮು ಇರುವವರಿಗೆ ಕಟು ಪರಿಮಳವೇ ಉಸಿರು ಕಟ್ಟಿಸಬಹುದು. ಸುಗಂಧ ನನಗೂ ಇಷ್ಟ, ಮೈಗೆ ಹಚ್ಚಿಕೊಳ್ಳಿ. ಕಾರಿಗೆ ಹಾಕುವುದಿದ್ದರೆ ಮೊದಲು ಒಂದು ವಾರ ಏನೂ ಹಾಕದೆ ಓಡಿಸಿ ನೋಡಿ.

ನನ್ನ ಸೀಟು ಏನಾಯಿತು? ಸ್ಪಂಜಿನಲ್ಲಿ ಬೂಷ್ಟು ಕಣ್ಣಿಗೆ ಕಾಣುವಷ್ಟು ಬೆಳೆದಿದ್ದರಿಂದ ಮೇಲಿಂದ ತೊಳೆದು ಫಲವಿರಲಿಲ್ಲ. ಬ್ಲೀಚ್ ಹಾಕಲು ಒಬ್ಬರು ಹೇಳಿದರು. ಅದು ಬಟ್ಟೆಯ ಬಣ್ಣ ತೆಗೆಯುತ್ತದೆ, ದಪ್ಪ ಸ್ಪಂಜಿನ ಒಳಗಿನ ಬೂಷ್ಟಿಗೆ ತಲುಪುವುದಿಲ್ಲ, ಟಾಯ್ಲೆಟ್ ಆ್ಯಸಿಡ್ ಜೊತೆ ಬೆರೆತರೆ ವಿಷದ ಗಾಳಿ ಏಳುತ್ತದೆ. ಎನ್-95 ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಕಳಿಸಿ, ಸೀಟನ್ನು ಅಂಗಳಕ್ಕೆ ತಂದೆ. ಒಣಗಿದ ಬೂಷ್ಟನ್ನು ಬ್ರಷ್ ಮಾಡಲಿಲ್ಲ, ಅದು ಹಾರುತ್ತದೆ. ಕುಶನ್ ಕೆಲಸದವರು ಬಟ್ಟೆಯನ್ನು ಬಿಚ್ಚಿ ಒಗೆಯಲು ಕೊಟ್ಟರು, ಕೆಳಭಾಗದ ಸ್ಪಂಜನ್ನು ಬದಲಿಸಿದರು. ನೆಲದ ಕಾರ್ಪೆಟ್ ಎತ್ತಿದಾಗ ಅದರಡಿಯಲ್ಲೂ ನನ್ನ ಎರಡನೆಯ ಬಕೆಟ್ಟಿನ ನೀರು ನಿಂತಿತ್ತು. ಅದನ್ನು ಒರೆಸಿ ಮೂರು ದಿನ ಫ್ಯಾನ್ ಹಾಕಿ ಒಣಗಿಸಿದೆವು.

ಮಗಳ ಕೆಮ್ಮು ಎರಡು ವಾರದಲ್ಲಿ ಇಳಿಯಿತು. ಈಗಲೂ ಅವಳು ಕಾರು ಹತ್ತುವ ಮೊದಲು ಹಿಂದಿನ ಸೀಟಿನ ಮೇಲೆ ಟಿಶ್ಯೂ ಇಟ್ಟು ಕೂತು, "ಅಬ್ಬಾ, ಗರಿಗರಿ ಇದೆ" ಎಂದು ನನಗೆ ವರದಿ ಕೊಡುತ್ತಾಳೆ. ಬಾದಾಮಿ ಹಾಲನ್ನು ಅಂಗಡಿಯ ಮುಂದೆಯೇ ಕುಡಿದು ಮುಗಿಸುತ್ತೇವೆ.